12ರ ಅಕ್ಷರಕ್ಕೆ 20ರ ಸಾಲಂತರ ಬೇಕೇ?

ಡೆಮಿ 1/8 ಅಳತೆಯ ಒಂದು ಕನ್ನಡ ಕಾದಂಬರಿ. ಅಕ್ಷರ 12 ಪಾಯಿಂಟ್. ಒಂದು ಸಾಲಿನ ಬುಡದಿಂದ ಮುಂದಿನ ಸಾಲಿನ ಬುಡಕ್ಕೆ ಇರುವ ದೂರ, ಅಂದರೆ ಲೀಡಿಂಗ್, 18 ಪಾಯಿಂಟ್ ಇದ್ದರೆ ಸಾಕೇ, 20 ಬೇಕೇ? ಪುಟ ಜೋಡಿಸುವವರು ಒಬ್ಬರು, ಕರಡು ತಿದ್ದುವವರು ಒಬ್ಬರು ತಮ್ಮ ತಮ್ಮ ವಾದ ಬರೆದಿದ್ದಾರೆ.

ಪರ: 20 ಕೊಡಿ, ಕನ್ನಡಕ್ಕೆ ಕೆಳಗೊಂದು ಮಹಡಿ ಇದೆ

'ಅಣ್ಣ ಅಕ್ಕ ಇಬ್ಬರೂ ಕಟ್ಟೆ ಹತ್ತಿ ಕೂತರು.' ಈ ಆರು ಪದಗಳಲ್ಲಿ ಐದಕ್ಕೆ ಒತ್ತಕ್ಷರವಿದೆ. ಇಂಗ್ಲಿಷ್‌ನಲ್ಲಿ ಸಾಲಿನ ಕೆಳಗೆ ಇಳಿಯುವುದು ಕೆಲವೇ ಅಕ್ಷರಗಳ ಬಾಲ. ನಮ್ಮಲ್ಲಿ ಇಡೀ ಅಕ್ಷರವೇ ಇಳಿದು ನೇತಾಡುತ್ತದೆ. ಜೊತೆಗೆ ಮೇಲ್ಗಡೆ ಗುಡಿಸು, ಏತ್ವ ಇವೆ. ಹೀಗಾಗಿ ಕನ್ನಡದ ಒಂದು ಸಾಲು ಅಂದರೆ ನಿಜವಾಗಿ ಒಂದೂವರೆ ಸಾಲು.

ಮೊಳೆ ಜೋಡಿಸುವ ಕಾಲದಲ್ಲಿ ಇದು ಅಷ್ಟಾಗಿ ಕಾಡುತ್ತಿರಲಿಲ್ಲ. ಒತ್ತು ಸಾಮಾನ್ಯವಾಗಿ ಸೀಸದ ಮೊಳೆಯ ಮೈಯೊಳಗೇ ಇರಬೇಕಿತ್ತು. ಮೈಗೆ ಮೈ ತಾಗಿದರೂ ಅಕ್ಷರಕ್ಕೆ ಅಕ್ಷರ ತಾಗುತ್ತಿರಲಿಲ್ಲ. ಕಂಪ್ಯೂಟರ್‌ಗೆ ಆ ಮೈಯ ಹಂಗಿಲ್ಲ. ಇನ್‌ಡಿಸೈನ್‌ನಲ್ಲಿ ಲೀಡಿಂಗನ್ನು ಆಟೋ ಅಂತ ಬಿಟ್ಟರೆ ಅದು ಅಕ್ಷರದ ಶೇ 120ರಷ್ಟನ್ನು ತಾನೇ ಹಾಕಿಕೊಳ್ಳುತ್ತದೆ. ಅಂದರೆ 12ಕ್ಕೆ 14.4. ಇಂಗ್ಲಿಷ್‌ಗೆ ಅದು ನಡೆಯುತ್ತದೆ. ಕನ್ನಡದಲ್ಲಿ 'ಶಾಸ್ತ್ರ'ದ ಒತ್ತು ಕೆಳಗಿನ ಸಾಲಿನ 'ಹಿ'ಯ ಗುಡಿಸಿನ ಮೇಲೆ ಕೂತುಬಿಡುತ್ತದೆ.

18ಕ್ಕೆ ಬಂದರೆ ಡಿಕ್ಕಿ ನಿಲ್ಲುತ್ತದೆ, ಒಪ್ಪಿದೆ. ಆದರೆ ಡಿಕ್ಕಿ ಹೊಡೆಯದಿದ್ದರೆ ಸಾಕು ಅನ್ನುವುದು ಓದುಗರಿಗೆ ನ್ಯಾಯವಲ್ಲ. ಒತ್ತು ಯಾವ ಸಾಲಿನದು ಅನ್ನುವುದು ಕಣ್ಣಿಗೆ ಯೋಚಿಸದೆ ಗೊತ್ತಾಗಬೇಕು. 'ಕತೆ'ಗೂ 'ಕತ್ತೆ'ಗೂ ವ್ಯತ್ಯಾಸ ಇರುವುದು ಆ ಒತ್ತಿನಲ್ಲೇ ಅಲ್ವಾ? ಪುಟವನ್ನು ತಲೆಕೆಳಗು ಮಾಡಿ, ಕೈ ಚಾಚಿ ಹಿಡಿದು, ಕಣ್ಣು ಸ್ವಲ್ಪ ಕಿರಿದು ಮಾಡಿ ನೋಡಿ. ಸಾಲುಗಳ ನಡುವೆ ಬಿಳಿ ದಾರಿ ಎಡದಿಂದ ಬಲಕ್ಕೆ ಕಡಿಯದೆ ಹೋಗಬೇಕು. ನಾನು ಬಳಸುವ ಫಾಂಟ್‌ನಲ್ಲಿ 18ಕ್ಕೆ ಆ ದಾರಿ ಅಲ್ಲಲ್ಲಿ ಮುಚ್ಚಿಕೊಳ್ಳುತ್ತದೆ, 20ಕ್ಕೆ ತೆರೆದಿರುತ್ತದೆ.

ಖರ್ಚಿನ ಮಾತು ಬರುತ್ತದೆ ಅಂತ ಗೊತ್ತು. ಲೆಕ್ಕ ನಾನೇ ಹೇಳುತ್ತೇನೆ. ಪುಟದ ಬರಹದ ಜಾಗ 7 ಇಂಚು ಎತ್ತರ ಅಂದರೆ 504 ಪಾಯಿಂಟ್. 18ರಂತೆ 28 ಸಾಲು, 20ರಂತೆ 25. ಆಗ 200 ಪುಟದ ಕಾದಂಬರಿ 224 ಪುಟ ಆಗುತ್ತದೆ. ಹದಿನಾರು ಪುಟದ ಫಾರಂ ಲೆಕ್ಕದಲ್ಲಿ ಒಂದೂವರೆ ಫಾರಂ ಜಾಸ್ತಿ.

ಪ್ರಕಾಶಕರು ಇದನ್ನು ಕೇಳಿದ ತಕ್ಷಣ ಅಕ್ಷರಗಳ ನಡುವಿನ ಅಂತರ, ಅಂದರೆ ಟ್ರ್ಯಾಕಿಂಗ್, ಮೈನಸ್ 20 ಹಾಕಿ ಬಿಗಿ ಮಾಡಿ ಅನ್ನುತ್ತಾರೆ. ಅದರಿಂದ ಸಿಗುವುದೆಷ್ಟು? ಇಲ್ಲಿ 20 ಅಂದರೆ ಅಕ್ಷರದ ಅಳತೆಯ ಸಾವಿರದಲ್ಲಿ 20 ಪಾಲು, 12 ಪಾಯಿಂಟ್‌ನಲ್ಲಿ ಅಕ್ಷರಕ್ಕೆ 0.24 ಪಾಯಿಂಟ್. 34 ಅಕ್ಷರದ ಸಾಲಿನಲ್ಲಿ ಎಂಟು ಪಾಯಿಂಟ್ ಚಿಲ್ಲರೆ, ಒಂದು ಅಕ್ಷರದ ಜಾಗವೂ ಸರಿಯಾಗಿ ಇಲ್ಲ. ಅಷ್ಟಕ್ಕೇ 'ಕರ್ತ'ದ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಉಳಿಸಲೇಬೇಕಿದ್ದರೆ ಬೇರೆಲ್ಲಾದರೂ ಉಳಿಸಿ, ಟ್ರ್ಯಾಕಿಂಗ್ ಸೊನ್ನೆಯಲ್ಲೇ ಇರಲಿ.

ವಿರೋಧ: 18 ಸಾಕು, ಸಾಲಿನ ಉದ್ದ ನೋಡಿ

ಟ್ರ್ಯಾಕಿಂಗ್ ವಿಷಯದಲ್ಲಿ ನನ್ನದೂ ಅದೇ ಮಾತು. ಆದರೆ 20 ಬೇಕು ಅನ್ನುವ ಅಭ್ಯಾಸ ಎಲ್ಲಿಂದ ಬಂತು ಅಂತ ಕೇಳಿ ನೋಡಿ. ನನಗನಿಸುವಂತೆ ಎ4 ಹಾಳೆಯಿಂದ ಬಂತು.

ಎ4ರಲ್ಲಿ ಎರಡೂ ಕಡೆ ಒಂದೊಂದು ಇಂಚು ಬಿಟ್ಟರೆ ಸಾಲು ಸುಮಾರು ಆರೂಕಾಲು ಇಂಚು. 12 ಪಾಯಿಂಟ್‌ನಲ್ಲಿ ಒತ್ತಕ್ಷರ, ಗುಣಿತ ಎಲ್ಲ ಸೇರಿ ಒಂದೊಂದೇ ಅಂತ ಎಣಿಸಿದರೆ ಹತ್ತಿರ ಹತ್ತಿರ 50 ಅಕ್ಷರ. ಅಷ್ಟು ದೂರ ಹೋದ ಕಣ್ಣು ತಿರುಗಿ ಎಡಕ್ಕೆ ಬರುವಾಗ ಸಾಲು ತಪ್ಪುತ್ತದೆ. ಓದಿದ್ದನ್ನೇ ಮತ್ತೆ ಓದುತ್ತೇವೆ. ಅದನ್ನು ತಡೆಯಲು ಸಾಲುಗಳನ್ನು ದೂರ ಇಡಬೇಕಾಗುತ್ತದೆ. ಡೆಮಿಯ ಸಾಲು ನಾಲ್ಕೂಕಾಲು ಇಂಚು, 34 ಅಕ್ಷರ, ಆರೇಳು ಪದ. ಹಿಂತಿರುಗುವ ದಾರಿಯೇ ಚಿಕ್ಕದು. ಉದ್ದ ಸಾಲಿಗೆ ಬೇಕಾದ ಮದ್ದನ್ನು ಗಿಡ್ಡ ಸಾಲಿಗೂ ಯಾಕೆ ಕುಡಿಸಬೇಕು?

ಇನ್ನೊಂದು ಗೊಂದಲ 'ಒಂದೂವರೆ' ಅನ್ನುವ ಮಾತಿನಲ್ಲಿದೆ. ಒಬ್ಬ ಲೇಖಕರು ವರ್ಡ್‌ನಲ್ಲಿ 12 ಪಾಯಿಂಟ್, ಒಂದೂವರೆ ಸಾಲಂತರ ಇಟ್ಟು ಹಸ್ತಪ್ರತಿ ಕಳಿಸಿದರು. 'ಪುಸ್ತಕದಲ್ಲೂ ಹೀಗೇ ಇರಲಿ, 18 ಅಂದರೆ ಒಂದೂವರೆ ತಾನೇ' ಅಂದರು. ಪ್ರಿಂಟ್ ತೆಗೆದು ಸ್ಕೇಲ್ ಇಟ್ಟೆ. ಮೊದಲ ಸಾಲಿನ ಬುಡದಿಂದ ಹನ್ನೊಂದನೆಯ ಸಾಲಿನ ಬುಡಕ್ಕೆ 83 ಮಿಲಿಮೀಟರ್. ಹತ್ತರಿಂದ ಭಾಗಿಸಿದರೆ ಸಾಲಿಗೆ 8.3. ಒಂದು ಮಿಲಿಮೀಟರಿಗೆ 2.83 ಪಾಯಿಂಟ್‌ನಂತೆ ಅದು ಇಪ್ಪತ್ತಮೂರೂವರೆ ಪಾಯಿಂಟ್! ಕಾರಣ ಸರಳ. ವರ್ಡ್ ಗುಣಿಸುವುದು ಅಕ್ಷರದ ಪಾಯಿಂಟನ್ನಲ್ಲ, ಫಾಂಟ್ ತನಗೆ ತಾನೇ ಇಟ್ಟುಕೊಂಡ ಸಾಲಿನ ಎತ್ತರವನ್ನು. ವೆಬ್‌ನಲ್ಲಿ `line-height: 1.5` ಅಂದರೆ ಮಾತ್ರ ನಿಜವಾಗಿ 12ರ ಒಂದೂವರೆ, 18. ವರ್ಡ್ ನೋಡಿ ಅಭ್ಯಾಸವಾದ ಕಣ್ಣಿಗೆ 18 ಇಕ್ಕಟ್ಟು ಅನಿಸುವುದು ಸಹಜವೇ.

ಫಾಂಟ್ ಬದಲಾದರೆ ಸಂಖ್ಯೆಯೂ ಬದಲಾಗಬೇಕು. ತುಂಗಾದಲ್ಲಿ 12 ಪಾಯಿಂಟ್ ಅಕ್ಷರ ಸಣ್ಣಗೆ ಕಾಣುತ್ತದೆ, ಗಾಳಿ ಅದರೊಳಗೇ ಇದೆ. ದಪ್ಪ ಮೈಯ, ಒತ್ತು ಆಳಕ್ಕೆ ಇಳಿಯುವ ಫಾಂಟ್‌ಗೆ ಅದೇ 18 ಬಿಗಿಯಾಗಬಹುದು. ಆಗಲೂ ನಾನು 20ಕ್ಕೆ ಹೋಗುವ ಮೊದಲು ಅಕ್ಷರವನ್ನು 11.5ಕ್ಕೆ ಇಳಿಸಿ, ಲೀಡಿಂಗ್ 18ರಲ್ಲೇ ಬಿಟ್ಟು ನೋಡುತ್ತೇನೆ. ಬಿಳಿ ದಾರಿ ತೆರೆಯುತ್ತದೆ, 28 ಸಾಲು ಹಾಗೇ ಉಳಿಯುತ್ತದೆ. ವಯಸ್ಸಾದ ಓದುಗರೇ ಜಾಸ್ತಿ ಇರುವ ಪುಸ್ತಕಕ್ಕೆ ಮಾತ್ರ ಇದು ಬೇಡ.

ಇನ್ನು ನನ್ನ ನಿಜವಾದ ತಕರಾರು. ಪುಟ ಓದಲು ಕಷ್ಟ ಅನಿಸಿದಾಗ ಎಲ್ಲರೂ ಸಾಲಂತರವನ್ನೇ ದೂರುತ್ತಾರೆ. ತಪ್ಪು ಬಹಳ ಸಲ ಪದಗಳ ನಡುವೆ ಇರುತ್ತದೆ. 'ಮಾಡಿಕೊಳ್ಳಬೇಕಾಗಿದ್ದರಿಂದ' ಹತ್ತು ಅಕ್ಷರ, ಡೆಮಿ ಸಾಲಿನ ಮೂರನೇ ಒಂದು ಭಾಗ. ಸಾಲಿನ ಕೊನೆಯಲ್ಲಿ ಅದಕ್ಕೆ ಜಾಗ ಸಿಗದೆ ಕೆಳಗೆ ಹೋಯಿತು ಅನ್ನಿ. ಎರಡೂ ಅಂಚು ಸಮ ಮಾಡಲು ಹೊರಟ ಸಾಫ್ಟ್‌ವೇರ್ ಉಳಿದ ನಾಲ್ಕೈದು ಪದಗಳನ್ನು ಹಿಗ್ಗಿಸುತ್ತದೆ. ಪದಗಳ ನಡುವಿನ ಬಿಳಿ ಸಾಲುಗಳ ನಡುವಿನ ಬಿಳಿಗಿಂತ ದೊಡ್ಡದಾದ ಕೂಡಲೇ ಕಣ್ಣು ಬಲಕ್ಕೆ ಹೋಗುವ ಬದಲು ಕೆಳಗೆ ಜಾರುತ್ತದೆ. 20 ಕೊಟ್ಟರೆ ಈ ರೋಗ ಮರೆಯಾಗುತ್ತದೆ ಅಷ್ಟೇ. ವಾಸಿಯಾಗಬೇಕಿದ್ದರೆ ಪದ ಒಡೆಯಲು ಬಿಡಿ. ಕನ್ನಡದಲ್ಲಿ ಅದು ಸುಲಭ, ಪೂರ್ತಿ ಅಕ್ಷರದ ನಂತರ ಒಡೆಯಬಹುದು: 'ಮಾಡಿಕೊ-ಳ್ಳಬೇಕಾಗಿದ್ದರಿಂದ'. ಒತ್ತನ್ನು ಅದರ ಅಕ್ಷರದಿಂದ ಬಿಡಿಸಬಾರದು, ಅಷ್ಟೇ. ಪದ ಒಡೆಯುವುದು ಇಷ್ಟವಿಲ್ಲದಿದ್ದರೆ ಬಲ ಅಂಚನ್ನು ಹೇಗಿದೆಯೋ ಹಾಗೆ ಬಿಡಿ.

ಅಕ್ಷರ ಬಿಡಿಸಿ ಸಾಲು ತುಂಬಿಸುವ ದಾರಿ ಮಾತ್ರ ಹಿಡಿಯಬೇಡಿ. ಇನ್‌ಡಿಸೈನ್‌ನ `Justification` ಕಿಟಕಿಯಲ್ಲಿ `Letter Spacing` ಎದುರಿನ ಮೂರೂ ಮನೆಗಳಲ್ಲಿ ಸೊನ್ನೆ ಇರಬೇಕು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಒತ್ತು ಬೇರೆಯೇ ಅಕ್ಷರವಾಗಿ ಕೂತಿರುತ್ತದೆ. ಅಲ್ಲಿ ಅಂತರ ಹಿಗ್ಗಿಸಿದರೆ 'ಅಕ್ಕ'ನ ಒತ್ತು ಅವಳನ್ನು ಬಿಟ್ಟು ಪಕ್ಕಕ್ಕೆ ಸರಿಯುತ್ತದೆ. ಕರಡಿನಲ್ಲಿ ಇದನ್ನು ಎಷ್ಟು ಸಲ ಸುತ್ತು ಹಾಕಿದ್ದೇನೋ ಲೆಕ್ಕವಿಲ್ಲ.

ಶ್ಲೋಕ, ಹಳಗನ್ನಡ ಪದ್ಯ ತುಂಬಿದ ಪುಸ್ತಕಕ್ಕೆ 20 ಕೇಳಿದರೆ ಜಗಳ ಆಡುವುದಿಲ್ಲ. ಅಲ್ಲಿ ಒತ್ತಿನ ಕೆಳಗೆ ಒತ್ತು, ಪಕ್ಕದಲ್ಲಿ ವಟ್ರಸುಳಿ ಎಲ್ಲ ಇರುತ್ತವೆ. ಆದರೆ ಕಾದಂಬರಿಯ ನಡುವೆ ಎರಡು ಪದ್ಯ ಬಂತು ಅಂತ ಅಷ್ಟಕ್ಕೆ ಮಾತ್ರ 20 ಹಾಕಬೇಡಿ. ತೆಳು ಕಾಗದದಲ್ಲಿ ಹಿಂಬದಿಯ ಅಚ್ಚು ಕಾಣುತ್ತದೆ. ಮುಂಬದಿಯ ಸಾಲು, ಹಿಂಬದಿಯ ಸಾಲು ಒಂದರ ಬೆನ್ನಿಗೆ ಒಂದು ಕೂತರೆ ಅದು ತಿಳಿಯುವುದಿಲ್ಲ. ನಡುವೆ ಅಳತೆ ಬದಲಾದರೆ ಆ ಪುಟದ ಕೊನೆಯವರೆಗೂ ಹಿಂಬದಿಯ ಸಾಲು ಮುಂಬದಿಯ ಬಿಳಿ ಜಾಗದಲ್ಲಿ ಇಣುಕುತ್ತದೆ. ಪದ್ಯಕ್ಕೂ 18ನ್ನೇ ಇಟ್ಟು, ಮೇಲೊಂದು ಕೆಳಗೊಂದು ಪೂರ್ತಿ ಸಾಲು ಖಾಲಿ ಬಿಡಿ.