300ರ ಪಕ್ಕದ ಹದಿನೈದು

ಕೇಂದ್ರ ಸರ್ಕಾರಿ ನೌಕರರಿಗೆ ಗಳಿಕೆ ರಜೆ ಅಂತ ಒಂದಿದೆ. ಹೆಸರು ಗಳಿಕೆ, ಆದರೆ ಗಳಿಸುವ ಮುಂಚೆಯೇ ಜಮೆ ಆಗುತ್ತದೆ. ಜನವರಿ 1ಕ್ಕೆ 15 ದಿನ, ಜುಲೈ 1ಕ್ಕೆ 15 ದಿನ. ಇದನ್ನೆಲ್ಲ ಹೇಳುವ ರಜೆ ನಿಯಮಗಳು 1972ರವು. ಅದರಲ್ಲೇ ಇನ್ನೊಂದು ಮಾತಿದೆ: ರಜೆಯನ್ನು ಹಕ್ಕು ಅಂತ ಕೇಳುವಂತಿಲ್ಲ. ಅಂದರೆ ಖಾತೆ ನಿಮ್ಮದು, ಜಮೆ ನಿಮ್ಮದು, ಚೆಕ್ ಪುಸ್ತಕ ಮಾತ್ರ ಸಾಹೇಬರ ಹತ್ತಿರ.

ಖಾತೆಗೆ ಮಿತಿ 300 ದಿನ. ವರ್ಷಕ್ಕೆ 30ರಂತೆ, ಒಂದು ದಿನವೂ ರಜೆ ಹಾಕದೆ ಹತ್ತು ವರ್ಷ ದುಡಿದರೆ ಡ್ರಮ್ಮು ತುಂಬುತ್ತದೆ. ನಮ್ಮ ಆಫೀಸಿನ ಹಿರಿಯರೊಬ್ಬರು ಹಾಗೇ ತುಂಬಿಸಿದರು. 25ನೇ ವಯಸ್ಸಿಗೆ ಸೇರಿದವರು, 60ಕ್ಕೆ ನಿವೃತ್ತಿ. ಒಟ್ಟು 35 ವರ್ಷಕ್ಕೆ 1050 ದಿನ ಜಮೆ ಆಗುತ್ತದೆ, ನಿವೃತ್ತಿಯ ದಿನ ದುಡ್ಡಾಗುವುದು ಹೆಚ್ಚೆಂದರೆ 300. ಮಿಕ್ಕ 750 ದಿನವನ್ನು ರಜೆಯಾಗಿ ಬಳಸಿದರೆ ಬಳಸಿದಿರಿ, ಇಲ್ಲದಿದ್ದರೆ ಅದು ದೇಶಸೇವೆ. (ನಡುವೆ ಎಲ್‌ಟಿಸಿಗೆ, ಅಂದರೆ ಸರ್ಕಾರ ಪ್ರಯಾಣದ ಖರ್ಚು ಕೊಡುವ ಪ್ರವಾಸಕ್ಕೆ, ಹೊರಟಾಗ ಒಂದು ಸಲಕ್ಕೆ 10 ದಿನದಂತೆ, ಇಡೀ ಸರ್ವೀಸಿನಲ್ಲಿ 60 ದಿನ ನಗದು ಮಾಡಿಕೊಳ್ಳಬಹುದು. ಆದರೆ ಮನೆ ಬಿಟ್ಟು ಹೊರಡಬೇಕಲ್ಲ. ನಮ್ಮ ಹಿರಿಯರಿಗೆ ಅದೂ ದಂಡ ಅನ್ನಿಸಿತ್ತು.) ಅವರ ಡ್ರಮ್ಮು ತುಂಬಿ ವರ್ಷಗಳೇ ಆಗಿವೆ. ನಲ್ಲಿ ನಿಂತಿಲ್ಲ. ಆದರೂ ಅವರು ರಜೆ ಹಾಕುವುದಿಲ್ಲ, "ಬ್ಯಾಲೆನ್ಸ್ ಎಷ್ಟಿದೆ ಸಾರ್" ಅಂತ ಕೇಳಿದರೆ "ಫುಲ್ಲು" ಅಂತ ಎದೆ ಉಬ್ಬಿಸುತ್ತಾರೆ.

ನನ್ನ ಕಥೆ ಸ್ವಲ್ಪ ಬೇರೆ. ಡಿಸೆಂಬರ್ 31ಕ್ಕೆ ನನ್ನ ಖಾತೆಯಲ್ಲಿ 292 ಇತ್ತು. 15 ಸೇರಿದರೆ 307, ಮಿತಿ ದಾಟುತ್ತದೆ. ಇದಕ್ಕೂ ಸರ್ಕಾರ ದಾರಿ ಮಾಡಿದೆ. ಬ್ಯಾಲೆನ್ಸ್ 285ಕ್ಕಿಂತ ಜಾಸ್ತಿ ಇದ್ದರೆ ಹೊಸ 15ನ್ನು ಖಾತೆಗೆ ಸೇರಿಸುವುದಿಲ್ಲ, ಪಕ್ಕದಲ್ಲಿ ಕೂರಿಸುತ್ತಾರೆ, ಊಟದ ಪಂಕ್ತಿಯಲ್ಲಿ ಜಾಗ ಸಿಗದವರ ಹಾಗೆ. ಆ ಆರು ತಿಂಗಳಲ್ಲಿ ನಾನು ಹಾಕುವ ರಜೆ ಮೊದಲು ಆ 15ರಿಂದಲೇ ಕಳೆಯುತ್ತದೆ. ಉಳಿದಿದ್ದನ್ನು ಜೂನ್ 30ಕ್ಕೆ ಖಾತೆಗೆ ಸೇರಿಸುತ್ತಾರೆ, 300ರವರೆಗೆ ಮಾತ್ರ. ಅಂದರೆ ನನ್ನ ಖಾತೆಯಲ್ಲಿ ಜಾಗ ಇರುವುದು 8 ದಿನಕ್ಕೆ. ಮಿಕ್ಕ 7 ದಿನವನ್ನು ಜೂನ್ ಮುಗಿಯುವುದರೊಳಗೆ ಖರ್ಚು ಮಾಡಲೇಬೇಕು, ಇಲ್ಲದಿದ್ದರೆ ಗೋವಿಂದ.

ಏಳು ದಿನ ಖರ್ಚು ಮಾಡುವುದೇನು ದೊಡ್ಡ ವಿಷಯ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಸೋಮವಾರದಿಂದ ಶುಕ್ರವಾರ ಹಾಕಿದರೆ ಐದು ದಿನ, ಹಿಂದೆ ಮುಂದೆ ಬರುವ ಶನಿವಾರ ಭಾನುವಾರ ಪುಕ್ಕಟೆ. ಮುಂದಿನ ಸೋಮವಾರವನ್ನೂ ಸೇರಿಸಿದರೆ ನಡುವೆ ಸಿಕ್ಕಿದ ಶನಿವಾರ ಭಾನುವಾರವೂ ರಜೆಯೇ ಆಗಿ ಒಟ್ಟು ಎಂಟು. ಇಷ್ಟು ವರ್ಷ ಭಾನುವಾರ ಸಿಕ್ಕಿಹಾಕಿಕೊಳ್ಳದ ಹಾಗೆ ಕ್ಯಾಲೆಂಡರ್ ಮುಂದೆ ಕೂತು ಲೆಕ್ಕ ಹಾಕುತ್ತಿದ್ದವನು, ಈ ಸಲ ಬೇಕು ಬೇಕು ಅಂತ ಅದನ್ನೇ ಸಿಕ್ಕಿಸಲು ಕೂತೆ. ಹೆಂಡತಿ ಇಣುಕಿ ನೋಡಿ, "ಎಲ್ಲಿಗೆ ಹೋಗೋಣ?" ಅಂದಳು. ಎಲ್ಲಿಗೂ ಇಲ್ಲ ಮಾರಾಯ್ತಿ, ಸುಮ್ನೆ ಮನೇಲಿ ಕೂತು ರಜೆ ಕರಗಿಸಬೇಕು ಅಂದೆ.

ಅರ್ಜಿ ಕೊಟ್ಟಿದ್ದು ಜೂನ್ ಕೊನೆಯ ವಾರಗಳಿಗೆ. ಅಲ್ಲೇ ಎಡವಟ್ಟಾಯಿತು. ನಮ್ಮ ಸೆಕ್ಷನ್ನಿನಲ್ಲಿ 285 ದಾಟಿದವರು ಇನ್ನೂ ಐದು ಜನ ಇದ್ದರು, ಎಲ್ಲರಿಗೂ ಜೂನ್‌ನಲ್ಲೇ ಅತ್ತೆ ಮನೆಯಲ್ಲಿ ತುರ್ತು ಕೆಲಸ. ಸಾಹೇಬರು ಆರೂ ಅರ್ಜಿಗಳನ್ನು ಇಸ್ಪೀಟೆಲೆ ಹಾಗೆ ಟೇಬಲ್ಲಿನ ಮೇಲೆ ಹರಡಿ, "ಆರು ತಿಂಗಳು ಏನ್ರೀ ಮಾಡ್ತಿದ್ರಿ?" ಅಂದರು. ಫೆಬ್ರವರಿಯಲ್ಲಿ ಕೇಳಿದಾಗ "ಮಾರ್ಚ್ ಮುಗೀಲಿ" ಅಂದವರೂ ಅವರೇ. ಅದು ಬಾಯಿಮಾತಿನಲ್ಲಿ ಆಗಿದ್ದು, ಕಡತದಲ್ಲಿ ಇಲ್ಲ.

ನನಗೆ ಸಿಕ್ಕಿದ್ದು ನಾಲ್ಕು ದಿನ, ಮಂಗಳವಾರದಿಂದ ಶುಕ್ರವಾರ. 15ರಲ್ಲಿ 4 ಹೋಗಿ 11 ಉಳಿಯಿತು. 292ಕ್ಕೆ 11 ಸೇರಿಸಿದರೆ 303. ಜೂನ್ 30ರ ಸಂಜೆ ಮೂರು ದಿನ ಆವಿಯಾದವು. ಆ ಮೂರೂ ದಿನ ನಾನು ಆಫೀಸಿನಲ್ಲೇ ಕೂತು ಕೆಲಸ ಮಾಡಿದ್ದೆ ಅನ್ನುವುದು ಬೇರೆ ಮಾತು.

ಜುಲೈ 1ಕ್ಕೆ ಕೇಸ್ ವರ್ಕರ್ ನನ್ನ ಖಾತೆಯಲ್ಲಿ 300+15 ಅಂತ ಬರೆದರು. ಹಿರಿಯರು ಬಗ್ಗಿ ನೋಡಿ, "ಬನ್ನಿ ಬನ್ನಿ, ನೀವೂ ಫುಲ್ಲಾದ್ರಿ" ಅಂತ ಕೈ ಕುಲುಕಿದರು. ಈ ಸಲ ಖಾತೆಯಲ್ಲಿ ಜಾಗವೇ ಇಲ್ಲ, 15ಕ್ಕೆ 15ನ್ನೂ ಡಿಸೆಂಬರ್ 31ರೊಳಗೆ ಮುಗಿಸಬೇಕು. ಬುದ್ಧಿ ಬಂದಿತ್ತು ನೋಡಿ, ಜುಲೈ 2ಕ್ಕೇ ಅರ್ಜಿ ಹಾಕಿದೆ. ಮಧ್ಯಾಹ್ನ ವಾಪಸ್ ಬಂತು. "ಡಿಸೆಂಬರ್‌ಗೆ ಇನ್ನೂ ಟೈಮಿದೆ, ಆಮೇಲೆ ನೋಡೋಣ."