10 ಮಿಲಿಮೀಟರಿನ ದಂಡ

ಸಂಡೂರು ಕಡೆಯ ಲಾರಿ ಮಾಲೀಕರೊಬ್ಬರು ಮೊನ್ನೆ ಅದಿರು ಸಾಗಣೆಯ ಕರಾರುಪತ್ರ ತಂದು ನನ್ನ ಮೇಜಿನ ಮೇಲಿಟ್ಟರು. "ಅಳಿಯ ಕನ್ನಡ ಮಾಡ್ಯಾನ್ರಿ ಸರ. ಓದಿದಾಗಿಂದ ನಿದ್ದಿ ಇಲ್ಲ."

ನಿದ್ದೆ ಕೆಡಿಸಿದ ಸಾಲು ಇದು: "10 ಮಿಲಿಮೀಟರಿಗಿಂತ ಸಣ್ಣ ದಂಡಗಳನ್ನು ಪ್ರತ್ಯೇಕವಾಗಿ ರಾಶಿ ಹಾಕತಕ್ಕದ್ದು."

ಮೂಲದಲ್ಲಿದ್ದದ್ದು 'ಫೈನ್ಸ್'. ಗಣಿಯಲ್ಲಿ ಅದಿರು ಜರಡಿ ಹಿಡಿದಾಗ ಮೇಲುಳಿಯುವ ಗಟ್ಟಿ 'ಲಂಪ್ಸ್', ಕೆಳಗಿಳಿಯುವ ಪುಡಿ 'ಫೈನ್ಸ್'. ಅಳಿಯನಿಗೆ ಗೊತ್ತಿದ್ದದ್ದು ಪೊಲೀಸರು ಹಾಕುವ ಫೈನ್ ಮಾತ್ರ. ಪಕ್ಕದಲ್ಲೇ ಜರಡಿಯ ಅಳತೆ ಕೂತಿತ್ತು, ಅತ್ತ ನೋಡಲಿಲ್ಲ. ಮಿಲಿಮೀಟರ್, ಟನ್ನು, ರಾಶಿ ಇದ್ದರೆ ಪುಡಿ ಅದಿರು; ಕಲಮು, ವಿಳಂಬ, ಉಲ್ಲಂಘನೆ ಇದ್ದರೆ ದಂಡ. ರೂಪಾಯಿಯನ್ನು ಮಾತ್ರ ನಂಬುವ ಹಾಗಿಲ್ಲ. ಪುಡಿಗೂ ದರವಿದೆ, ರಾಯಲ್ಟಿಯಿದೆ. 'ಫೈನ್ಸ್' ಅಂತಲೇ ಬಿಟ್ಟರೂ ಪಾರಾಗುವುದಿಲ್ಲ, ಫೈನ್ ಕಟ್ಟುವುದು ನಮ್ಮ ಬಾಯಲ್ಲೂ ಇದೆಯಲ್ಲ.

ಮುಂದಿನ ಪುಟದಲ್ಲಿ "5 ಕಿಲೋಮೀಟರಿನವರೆಗಿನ ಸೀಸ" ಸಿಕ್ಕಿತು. ಅಷ್ಟುದ್ದದ ಸೀಸ ಹೊರುವ ಲಾರಿ ಯಾರ ಹತ್ತಿರವಿದೆಯೋ! ಲೋಹವಾದರೆ 'ಲೆಡ್', ಇಲ್ಲಿರುವುದು 'ಲೀಡ್'. ಇಂಗ್ಲಿಷಿನಲ್ಲಿ ಎರಡಕ್ಕೂ ಅದೇ ನಾಲ್ಕಕ್ಷರ. ಮತ ಎಣಿಕೆಯ ದಿನ ಲೀಡ್ ಅಂದರೆ ಮುನ್ನಡೆ, ಸಾಗಣೆಯ ಕರಾರಿನಲ್ಲಿ ಮಾಲು ಹೊತ್ತೊಯ್ಯುವ ದೂರ. ಎಸ್ಟಿಮೇಟು ಬರೆಯುವ ಇಂಜಿನಿಯರುಗಳು ಮಣ್ಣು ಸಾಗಿಸುವ ದೂರಕ್ಕೆ ಲೀಡ್, ಎತ್ತುವ ಎತ್ತರಕ್ಕೆ ಲಿಫ್ಟ್ ಅನ್ನುತ್ತಾರೆ. ಪುಣ್ಯಕ್ಕೆ ಈ ಕರಾರಿನಲ್ಲಿ ಲಿಫ್ಟ್ ಇರಲಿಲ್ಲ.

ಕನ್ನಡ ಲಿಪಿ ಇಲ್ಲಿ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿದುಕೊಳ್ಳುತ್ತದೆ. ಲೆಡ್, ಲೀಡ್ ಬೇರೆ ಬೇರೆ ಬರೆಯಬಹುದು, ಸರಿ. ಆದರೆ ಇಂಗ್ಲಿಷಿನಲ್ಲಿ ಕಾಗುಣಿತ ಬೇರೆಯಾಗಿ ಸದ್ದು ಒಂದೇ ಆದ ಪದಗಳು ನಮ್ಮ ಲಿಪಿಗೆ ಬಂದೊಡನೆ ಒಂದಾಗಿಬಿಡುತ್ತವೆ. ಮಾಲೀಕರ ಗುಮಾಸ್ತ ಕೊನೆಯ ಪುಟವನ್ನು ಫೋನಿನಲ್ಲಿ ಕೇಳಿ ಕನ್ನಡದಲ್ಲಿ ಗೀಚಿಕೊಂಡಿದ್ದ: 'ವೇ ಬ್ರಿಡ್ಜ್'. ಅಳಿಯ ಅದನ್ನು 'ದಾರಿ ಸೇತುವೆ' ಮಾಡಿದ. ದಾರಿಯ ವೇ, ತೂಗುವ ವೇ ಎರಡೂ ಕಿವಿಗೆ ಒಂದೇ. ಆದರೆ ಮುಂದೆಯೇ "ಖಾಲಿ ಲಾರಿ ಒಮ್ಮೆ, ತುಂಬಿದ ಲಾರಿ ಒಮ್ಮೆ ಹತ್ತಿಸಿ ಚೀಟಿ ಪಡೆಯಬೇಕು" ಎಂದಿತ್ತು. ಚೀಟಿ ಕೊಡುವ ಸೇತುವೆ ತೂಕದ್ದಲ್ಲದೆ ಇನ್ಯಾವುದು?

ಕೊನೆಗೆ ನನ್ನನ್ನೇ ಸಿಕ್ಕಿಸಿದ್ದು 'ರಿಕವರಿ ಆಫ್ ಫೈನ್ಸ್' ಎಂಬ ಶೀರ್ಷಿಕೆ. ತೊಳೆದ ಕೆಸರಿನಿಂದ ಪುಡಿ ಅದಿರು ಮರಳಿ ತೆಗೆಯುವುದಕ್ಕೂ ಅದೇ ಮಾತು, ಗುತ್ತಿಗೆದಾರನಿಂದ ದಂಡ ವಸೂಲಿಗೂ ಅದೇ. 'ಕೆಸರಿನಿಂದ' ಅಂತಲೋ 'ಗುತ್ತಿಗೆದಾರನಿಂದ' ಅಂತಲೋ ಒಂದು ಪದ ಸಿಕ್ಕಿದ್ದರೆ ಸಾಕಿತ್ತು. ಕೆಳಗಿದ್ದದ್ದು ಖಾಲಿ ಕೋಷ್ಟಕ, ಟನ್ನಿಲ್ಲ, ರೂಪಾಯಿಯಿಲ್ಲ. ಇಂಥ ಕಡೆ ಊಹಿಸಬಾರದು, ಕೇಳಬೇಕು. ಕೇಳಿದೆ.

"ಎರಡೂ ಬರ್ಕೊಳ್ರಿ ಸರ," ಅಂದರು ಮಾಲೀಕರು. "ಅವ್ರು ಪುಡೀನೂ ಬಿಡಂಗಿಲ್ಲ, ದಂಡಾನೂ ಬಿಡಂಗಿಲ್ಲ."