ನಾಣ್ಯಕ್ಕೊಂದು ಕಪ್ ಕೊಟ್ಟುಬಿಡಿ

ಮ್ಯಾಚ್ ಶುರುವಾಗಲು ಇನ್ನೂ ಅರ್ಧ ಗಂಟೆ ಇರುತ್ತದೆ. ಕೋಟು ತೊಟ್ಟ ಮಾಜಿ ಆಟಗಾರರೊಬ್ಬರು ಪಿಚ್ ಮೇಲೆ ಮಂಡಿಯೂರುತ್ತಾರೆ. ಜೇಬಿನಿಂದ ಕೀ ತೆಗೆದು ಬಿರುಕಿನೊಳಗೆ ತೂರಿಸುತ್ತಾರೆ. ಆಮೇಲೆ ಎದ್ದು ನಿಂತು, ನಾಡಿ ಹಿಡಿದ ವೈದ್ಯರ ಗಾಂಭೀರ್ಯದಲ್ಲಿ ಹೇಳುತ್ತಾರೆ: "ಟಾಸ್ ಗೆದ್ದವರು ಕಣ್ಣು ಮುಚ್ಚಿ ಬೌಲಿಂಗ್ ತಗೋಬೇಕು." ಪರದೆಯ ಮೇಲೆ ಅಂಕಿ ಮಿಂಚುತ್ತದೆ. ಈ ಮೈದಾನದ ಸರಾಸರಿ ಸ್ಕೋರ್ ಇಷ್ಟು, ಚೇಸ್ ಮಾಡಿ ಗೆದ್ದವರು ಇಷ್ಟು. ಅಲ್ಲಿಗೆ ಆಟ ಮುಗಿದಂತೆ. ಉಳಿದ ನಲವತ್ತು ಓವರ್ ಜಾಹೀರಾತಿಗೆ ಬೇಕಲ್ಲ, ಅದಕ್ಕೆ ಆಡಿಸುತ್ತಾರೆ.

ಈ ಪಂಥದ ಪುಣ್ಯಕ್ಷೇತ್ರ ದುಬೈ. 2021ರ ಟಿ20 ವಿಶ್ವಕಪ್‌ನಲ್ಲಿ ಅಲ್ಲಿ 13 ಪಂದ್ಯ ನಡೆದವು. 12ರಲ್ಲಿ ಚೇಸ್ ಮಾಡಿದವರು ಗೆದ್ದರು. ಟಾಸ್ ಗೆದ್ದವರು ಗೆದ್ದದ್ದು 11. ಟಾಸ್‌ಗೂ ಫಲಿತಾಂಶಕ್ಕೂ ಏನೇನೂ ಸಂಬಂಧ ಇಲ್ಲ ಅಂತಿಟ್ಟುಕೊಂಡರೆ, 13ಕ್ಕೆ 11 ಅಥವಾ ಅದಕ್ಕಿಂತ ಜಾಸ್ತಿ ಬರುವ ಸಾಧ್ಯತೆ ನೂರಕ್ಕೆ ಒಂದು. ಹಾಗಾಗಿ ಪಂಡಿತರು ಪೂರ್ತಿ ಸುಳ್ಳು ಹೇಳಲಿಲ್ಲ. ರಾತ್ರಿ ಇಬ್ಬನಿ ಬಿದ್ದು ಚೆಂಡು ಒದ್ದೆಯಾದರೆ ಸ್ಪಿನ್ನರ್‌ಗೆ ಹಿಡಿತ ಸಿಗುವುದಿಲ್ಲ, ಅದು ನಿಜ. ಆದರೆ ಅವರು ಆ ಹನ್ನೆರಡನ್ನೂ ಒಂದೇ ಬುಟ್ಟಿಗೆ ಹಾಕಿದರು. ಬುಟ್ಟಿಯಲ್ಲಿ ಏನಿತ್ತು ಅಂತ ಒಮ್ಮೆ ನೋಡೋಣ.

ವೆಸ್ಟ್ ಇಂಡೀಸ್ ಇಂಗ್ಲೆಂಡ್ ಎದುರು 55 ರನ್ನಿಗೆ ಆಲೌಟ್. ಸ್ಕಾಟ್ಲೆಂಡ್ ಭಾರತದ ಎದುರು 85. ಬಾಂಗ್ಲಾದೇಶ ಆಸ್ಟ್ರೇಲಿಯಾ ಎದುರು 73. ಮೂರರಲ್ಲೂ ಎದುರಾಳಿ ಟಾಸ್ ಗೆದ್ದಿತ್ತು, ಆಮೇಲೆ ಪಂದ್ಯವನ್ನೂ ಗೆದ್ದಿತು. ಅಂದರೆ ಮೂರೂ ಟಾಸ್‌ನ ಮಹಿಮೆಯ ಖಾತೆಗೆ ಜಮೆ! 55 ಹೊಡೆದವರು ಎರಡನೇ ಸರದಿಯಲ್ಲಿ ಆಡಿದ್ದರೆ ಇಂಗ್ಲೆಂಡ್ ಗಡಗಡ ನಡುಗುತ್ತಿತ್ತು ಅಂತ ನಾವು ನಂಬಬೇಕು. ಬಾಂಗ್ಲಾದೇಶದ ಪಂದ್ಯವಂತೂ ಮಧ್ಯಾಹ್ನದ್ದು. ಮರುಭೂಮಿಯ ಬಿಸಿಲಲ್ಲಿ ಬಿದ್ದ ಇಬ್ಬನಿ ಅದು.

ನಾಣ್ಯಕ್ಕೆ ತಂಡಗಳ ಬಲ ಗೊತ್ತಿಲ್ಲ, ನಿಜ. ಸಾವಿರ ಸಲ ಚಿಮ್ಮಿದರೆ ಬಲಿಷ್ಠರಿಗೂ ದುರ್ಬಲರಿಗೂ ಸರಿಸುಮಾರು ಸಮಪಾಲು ಮಾಡುತ್ತದೆ. ಹದಿಮೂರೇ ಸಲ ಚಿಮ್ಮಿದರೆ ಆ ಭರವಸೆ ಇಲ್ಲ. ದುಬೈನಲ್ಲಿ ಸ್ಕಾಟ್ಲೆಂಡ್ ಮತ್ತು ನಮೀಬಿಯಾ ಎದುರು ಟಾಸ್ ಭಾರತಕ್ಕೇ ಬಿತ್ತು. ಆಸ್ಟ್ರೇಲಿಯಾದ ನಾಯಕ ಆ್ಯರನ್ ಫಿಂಚ್ ಇಡೀ ಟೂರ್ನಿಯಲ್ಲಿ ಏಳಕ್ಕೆ ಆರು ಟಾಸ್ ಗೆದ್ದರು, ಕಪ್ಪನ್ನೂ ಗೆದ್ದರು. ಟಾಸ್‌ನಿಂದ ಗೆದ್ದರೋ, ಗೆಲ್ಲುವ ತಂಡಕ್ಕೆ ಟಾಸ್ ಕೂಡ ಬಿತ್ತೋ? ಹದಿಮೂರು ಪಂದ್ಯ ಈ ಪ್ರಶ್ನೆಗೆ ಬಾಯಿ ಬಿಡುವುದಿಲ್ಲ. ಟಾಸ್‌ನ ನಿಜವಾದ ಲಾಭ ನೂರಕ್ಕೆ ಐವತ್ತೈದು ಗೆಲುವಿನಷ್ಟು ಇದೆ ಅಂದುಕೊಳ್ಳಿ. ಆ ಐದರ ವ್ಯತ್ಯಾಸ ಬರೀ ಅದೃಷ್ಟದ ಏರಿಳಿತದಿಂದ ಹೊರಗೆ ತಲೆ ಎತ್ತಬೇಕಾದರೂ ಸುಮಾರು 400 ಪಂದ್ಯ ಬೇಕು. ಅಷ್ಟು ಪಂದ್ಯ ಮುಗಿಯುವ ಹೊತ್ತಿಗೆ ಪಿಚ್ ಬದಲಾಗಿರುತ್ತದೆ, ಬೌಂಡರಿ ಹಗ್ಗ ಒಳಗೆ ಬಂದಿರುತ್ತದೆ, ಕೀ ತೂರಿಸಿದವರು ನಿವೃತ್ತರಾಗಿರುತ್ತಾರೆ.

ಇನ್ನು 'ಮೈದಾನದ ಸರಾಸರಿ'. ಮೊದಲ ಇನ್ನಿಂಗ್ಸನ್ನು ಮಾತ್ರ ಲೆಕ್ಕಕ್ಕೆ ತಗೊಳ್ಳುತ್ತಾರೆ, ಅದು ಸರಿ. ಎರಡನೆಯದು ಗುರಿ ಮುಟ್ಟಿದ ಕೂಡಲೇ ನಿಂತುಹೋಗುತ್ತದೆ. 55ರ ಬೆನ್ನು ಹತ್ತಿದ ಇಂಗ್ಲೆಂಡ್ 180 ಹೊಡೆಯಬಲ್ಲದಾಗಿದ್ದರೂ ಹೊಡೆಯಲು ಬಿಡುವುದಿಲ್ಲ. ಆ 13 ಮೊದಲ ಇನ್ನಿಂಗ್ಸ್‌ಗಳ ಸರಾಸರಿ 130. ಹಾಗಾದರೆ ದುಬೈನಲ್ಲಿ 130 ಹೊಡೆದರೆ ಸಾಕು ಅಂತ ನಾಯಕ ತಿಳಿದರೆ, ಅವನ ಕಥೆ ಅಷ್ಟೇ. 55, 73, 85 ಈ ಮೂರನ್ನು ಬದಿಗಿಟ್ಟರೆ ಸರಾಸರಿ 148ಕ್ಕೆ ಜಿಗಿಯುತ್ತದೆ. ಹದಿಮೂರನ್ನೂ ಸಾಲಾಗಿ ನಿಲ್ಲಿಸಿ ನಟ್ಟನಡುವಿನದನ್ನು ಹಿಡಿದರೆ 143. ಮೈದಾನ ಒಂದೇ, ಹುಲ್ಲು ಒಂದೇ, ಉತ್ತರ ಮೂರು. ಸ್ಕೋರ್‌ಗಳು ಎಷ್ಟು ಚೆಲ್ಲಾಪಿಲ್ಲಿ ಅಂದರೆ, ಆ 130 ಅನ್ನುವುದನ್ನು ಪ್ರಾಮಾಣಿಕವಾಗಿ ಬರೆದರೆ '107ರಿಂದ 154ರ ನಡುವೆ ಎಲ್ಲೋ ಒಂದು ಕಡೆ' ಅಂತ ಬರೆಯಬೇಕು. ಟಿವಿಯಲ್ಲಿ ಅಷ್ಟು ಜಾಗ ಇಲ್ಲ.

ಸರಿಯಾಗಿ ಅಳೆಯಬೇಕು ಅಂದರೆ ಮೊದಲು ಕೇಳಬೇಕಾದ್ದು, ಈ ಬ್ಯಾಟಿಂಗ್ ತಂಡ ಈ ಬೌಲಿಂಗ್ ಎದುರು ಬೇರೆ ಕಡೆ ಎಷ್ಟು ಹೊಡೆಯುತ್ತದೆ ಅಂತ. ಅದನ್ನು ಕಳೆದು ಉಳಿದದ್ದೇ ಮೈದಾನದ ಪಾಲು. ಆ ಉಳಿಕೆಯನ್ನೂ ಪೂರ್ತಿ ನಂಬುವಂತಿಲ್ಲ. ಒಂದು ಲೆಕ್ಕ ಹಾಕೋಣ. ಒಂದು ಮೈದಾನದಲ್ಲಿ ಹತ್ತು ಪಂದ್ಯ ಆಗಿವೆ, ಉಳಿಕೆ ಸರಾಸರಿ 13 ರನ್ ಜಾಸ್ತಿ ಬಂದಿದೆ. ಪಂದ್ಯದಿಂದ ಪಂದ್ಯಕ್ಕೆ ಸ್ಕೋರ್ ಸುಮಾರು 30 ರನ್ ಅತ್ತಿತ್ತ ಆಗುತ್ತದೆ, ಮೈದಾನದಿಂದ ಮೈದಾನಕ್ಕೆ ಸುಮಾರು 12 ಅಂತಿಟ್ಟುಕೊಳ್ಳಿ. ಆಗ ಆ 13ರಲ್ಲಿ ಮೈದಾನದ ಹೆಸರಿಗೆ ಬರೆಯಬಹುದಾದ್ದು ಸುಮಾರು 8. ಮಿಕ್ಕ ಐದು ಅದೃಷ್ಟದ್ದು. ಎರಡೇ ಪಂದ್ಯ ಆಗಿದ್ದರೆ ಮೈದಾನದ ಪಾಲು 3ಕ್ಕೆ ಇಳಿಯುತ್ತದೆ. ಆದರೆ 'ಈ ಮೈದಾನ ಮೂರು ರನ್ ಜಾಸ್ತಿ ಕೊಡುತ್ತದೆ, ಬಹುಶಃ' ಅಂತ ಹೇಳಲು ಯಾರಿಗೂ ಕೋಟು ಹೊಲಿಸಿಕೊಡುವುದಿಲ್ಲ.

ಇದರಲ್ಲೊಂದು ತಮಾಷೆ ಇದೆ. ಆ 13ರಲ್ಲಿ ಟಾಸ್ ಗೆದ್ದು ತಾನಾಗಿಯೇ ಬ್ಯಾಟಿಂಗ್ ಆರಿಸಿದ ತಂಡ ಒಂದೇ ಒಂದು: ಪಾಕಿಸ್ತಾನದ ಎದುರು ಅಫ್ಘಾನಿಸ್ತಾನ. 147 ಹೊಡೆದು ಸೋತಿತು. ಬಾಕಿ ಹನ್ನೆರಡು ಸಲ ಮೊದಲು ಆಡಿದವರು ಎದುರಾಳಿ ತಳ್ಳಿದ್ದಕ್ಕೆ ಆಡಿದವರು. ಈಗ ಹೇಳಿ, ಮೊದಲ ಇನ್ನಿಂಗ್ಸ್ ಕಡಿಮೆಯಾದದ್ದು ಮೈದಾನದಿಂದಲೋ, ಟಾಸ್ ಸೋತದ್ದರಿಂದಲೋ? ಎಲ್ಲರೂ ಒಂದೇ ತೀರ್ಮಾನ ಮಾಡಿದ ಕಡೆ ಈ ಎರಡನ್ನೂ ಬೇರ್ಪಡಿಸಲು ದಾರಿಯೇ ಇಲ್ಲ. ಎಲ್ಲರೂ ಬೌಲಿಂಗ್ ತಗೊಂಡರು, ಯಾಕೆಂದರೆ ಪರದೆ ಹಾಗೆ ಹೇಳಿತು. ಪರದೆ ಹಾಗೆ ಹೇಳಿತು, ಯಾಕೆಂದರೆ ಎಲ್ಲರೂ ಬೌಲಿಂಗ್ ತಗೊಂಡರು.

ಅಂದಹಾಗೆ, ಚೇಸ್ ಮಾಡಿ ಗೆದ್ದ ಹನ್ನೆರಡರಲ್ಲಿ ಸೇರದ ಆ ಒಂದು ಪಂದ್ಯದಲ್ಲಿ ಟಾಸ್ ಗೆದ್ದು, ಶಾಸ್ತ್ರೋಕ್ತವಾಗಿ ಬೌಲಿಂಗ್ ಆರಿಸಿ, ನ್ಯೂಜಿಲೆಂಡ್‌ಗೆ 172 ಬಿಟ್ಟುಕೊಟ್ಟು ಸೋತದ್ದು ಸ್ಕಾಟ್ಲೆಂಡ್. ಪಾಪ, ಅವರಿಗೆ ನಾಣ್ಯ ಬಿತ್ತು, ಉಳಿದದ್ದು ಬೀಳಲಿಲ್ಲ.

ಅದೇ ಮೈದಾನದಲ್ಲಿ, ಅದೇ ವರ್ಷದ ಅಕ್ಟೋಬರ್ 15ರಂದು, ವಿಶ್ವಕಪ್ ಶುರುವಾಗುವ ಎರಡು ದಿನ ಮೊದಲು ಐಪಿಎಲ್ ಫೈನಲ್ ನಡೆದಿತ್ತು. ಕೋಲ್ಕತ್ತ ಟಾಸ್ ಗೆದ್ದು ಬೌಲಿಂಗ್ ತಗೊಂಡಿತು. ಚೆನ್ನೈ 192 ಹೊಡೆದು 27 ರನ್‌ನಿಂದ ಗೆದ್ದಿತು. ಮುಂದಿನ ವರ್ಷ ಏಷ್ಯಾ ಕಪ್ ಫೈನಲ್‌ನಲ್ಲಿ ಶ್ರೀಲಂಕಾ ಟಾಸ್ ಸೋತು, 170 ಹೊಡೆದು, ಪಾಕಿಸ್ತಾನವನ್ನು 23 ರನ್‌ನಿಂದ ಮಣಿಸಿತು. ಆ ದಿನಗಳಲ್ಲಿ ಇಬ್ಬನಿಗೆ ರಜೆ ಇದ್ದಿರಬೇಕು.

2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಭಾರತ ದುಬೈನಲ್ಲೇ ಐದು ಪಂದ್ಯ ಆಡಿತು. ಐದೂ ಟಾಸ್ ಸೋತಿತು, ಐದೂ ಪಂದ್ಯ ಗೆದ್ದಿತು. 2023ರ ವಿಶ್ವಕಪ್ ಫೈನಲ್‌ನಿಂದ ಲೆಕ್ಕ ಹಾಕಿದರೆ ಏಕದಿನದಲ್ಲಿ ಅದು ಸತತ 15ನೇ ಟಾಸ್ ಸೋಲು. ಯಾವುದೇ 15 ಟಾಸ್ ಸತತವಾಗಿ ಸೋಲುವ ಸಾಧ್ಯತೆ 32,768ರಲ್ಲಿ ಒಂದು. ಇಂಥ ಸಾಧನೆಗೆ ಒಬ್ಬ ಟಾಸ್ ಕೋಚ್ ನೇಮಿಸಬೇಡವೇ? ಅರ್ಹತೆ ಏನೂ ಜಾಸ್ತಿ ಬೇಡ. ಸ್ವಂತದ ಕೀ ಇದ್ದರೆ ಸಾಕು.